ಸೂಜಿಯ ಮೊನೆಯೂ ಗೃಧ್ರಸೀ ನಾಡಿಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಮ್ಮ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಜ್ವರ ಬಂದವನು ವೈದ್ಯರ ಮುಂದೆ ಕುಳಿತೊಡನೆ ಆಡುವ ಮೊದಲ ಮಾತು, "ಗುಳಿಗಿ ಬ್ಯಾಡ್ರೀ, ಒಂದು ಸೂಜಿ ಮಾಡಿಬಿಡ್ರೀ" ಎಂಬುದೇ ಆಗಿದೆ. ಕುಕನೂರು, ಕನಕಗಿರಿ, ಕಾರಟಗಿಗಳು ಈಚೆಗೆ ಬೇರೆ ತಾಲೂಕುಗಳಾದರೂ ಈ ಮಾತು ಬೇರೆಯಾಗಿಲ್ಲ. ಗುಳಿಗೆಗಿಂತ ಸೂಜಿಯ ಮೇಲೆ ಜನರಿಗೆ ಹೆಚ್ಚು ನಂಬಿಕೆ. ಸೂಜಿ ಚುಚ್ಚಿಸಿಕೊಳ್ಳದೆ ಬಂದರೆ ಕೊಟ್ಟ ಹಣ ವ್ಯರ್ಥವಾಯಿತೆಂಬ ಭಾವನೆ. ತೋಳಿಗೆ ಚುಚ್ಚಿದರೆ ಮರುದಿನ ಕುಡುಗೋಲು ಹಿಡಿಯಲಾಗದೆಂದು ಹೆದರಿ, ಪೃಷ್ಠಭಾಗವನ್ನೇ ಒಡ್ಡುವವರು ಬಹು ಮಂದಿ. ಆ ಭಾಗವು ಬರಿಯ ಮಾಂಸದ ಮುದ್ದೆ, ಅಲ್ಲಿ ಎಲ್ಲಿ ಚುಚ್ಚಿದರೂ ಕೇಡಿಲ್ಲ ಎಂಬುದು ಸಾಮಾನ್ಯ ಜನರ ತಿಳಿವಳಿಕೆ. ಈ ತಿಳಿವಳಿಕೆ ಸರಿಯಲ್ಲ. ನಮ್ಮ ದೇಹದ ಎಲ್ಲ ನರಗಳಲ್ಲಿ ಅತ್ಯಂತ ದಪ್ಪವಾದುದು ಅದೇ ಮಾಂಸದ ಅಡಿಯಲ್ಲಿ ಹಾದುಹೋಗುತ್ತದೆ. ಸೂಜಿಯು ಅದನ್ನು ತಾಗಿದರೆ, ನಡೆದು ಬಂದ ಮನುಷ್ಯನು ಪಾದವನ್ನೆಳೆಯುತ್ತ ಮನೆಗೆ ಹೋಗಬೇಕಾದೀತು. ಆದುದರಿಂದ ಆ ಭಾಗದ ರಚನೆಯೇನು, ನರವು ಹೋಗುವ ದಾರಿ ಯಾವುದು, ಸೂಜಿಗೆ ನಿರ್ಭಯವಾದ ಸ್ಥಳ ಯಾವುದು, ಕೇಡು ಸಂಭವಿಸಿದರೆ ಅದನ್ನು ಗುರುತಿಸುವುದು ಹೇಗೆ ಎಂಬಿಷ್ಟು ವಿಷಯಗಳನ್ನು ಗೃಹಸ್ಥರು ತಿಳಿದಿರಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಎಲ್ಲೆಯನ್ನು ಗೊತ್ತುಮಾಡಿಕೊಳ್ಳೋಣ. ಕುಳಿತಾಗ ನೆಲಕ್ಕೆ ಒತ್ತುವ ಉಬ್ಬಿದ ಭಾಗವಷ್ಟೇ ಪೃಷ್ಠವೆಂದು ನಾವು ಭಾವಿಸುವುದುಂಟು. ಶರೀರಶಾಸ್ತ್ರಜ್ಞರ ಎಲ್ಲೆ ಇದಕ್ಕಿಂತ ಬಹಳ ದೊಡ್ಡದು. ಸೊಂಟದ ಮೇಲೆ ಕೈಯಿಟ್ಟು ನಿಂತರೆ ಅಂಗೈಯ ಅಂಚಿಗೆ ಒಂದು ಎಲುಬಿನ ಏಣು ತಗಲುತ್ತದಷ್ಟೆ. ಧೋತರದ ಗಂಟು, ಸೀರೆಯ ನೆರಿಗೆ ನಿಲ್ಲುವುದು ಅದರ ಆಧಾರದಿಂದಲೇ. ಆ ಏಣೇ ಈ ಪ್ರದೇಶದ ಮೇಲಿನ ಎಲ್ಲೆ. ತೊಡೆಯೂ ಪೃಷ್ಠವೂ ಸೇರುವೆಡೆ ಇರುವ ಮಡಿಕೆ ಕೆಳಗಿನ ಎಲ್ಲೆ. ಒಳಗೆ ಬೆನ್ನುಹುರಿಯ ಕೊನೆಯ ತ್ರಿಕಾಸ್ಥಿ. ಹೊರಗೆ ಸೊಂಟದ ಪಕ್ಕ. ಈ ವಿಸ್ತಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಬಹಳ ಅವಶ್ಯ. ಏಕೆಂದರೆ ಮುಂದೆ ಹೇಳುವ ಅಪಾಯಗಳಲ್ಲಿ ಹೆಚ್ಚಿನವು ಈ ಎಲ್ಲೆಯನ್ನು ಚಿಕ್ಕದಾಗಿ ಎಣಿಸುವುದರಿಂದಲೇ ಹುಟ್ಟುತ್ತವೆ.

ಈ ಪ್ರದೇಶದ ಸ್ನಾಯುಗಳು ಒಂದರ ಮೇಲೊಂದು ಹೊದಿಸಿದ ಕಂಬಳಿಗಳಂತೆ ಪದರಪದರವಾಗಿವೆ. ಎಲ್ಲಕ್ಕೂ ಮೇಲೆ ಇರುವುದು ಮಹಾನಿತಂಬ ಸ್ನಾಯು. ಇದು ತ್ರಿಕಾಸ್ಥಿಯಿಂದಲೂ ಸೊಂಟದೆಲುಬಿನ ಹಿಂಭಾಗದಿಂದಲೂ ಹೊರಟು, ಓರೆಯಾಗಿ ಕೆಳಗಿಳಿದು, ತೊಡೆಯ ಹೊರಮಗ್ಗುಲನ್ನು ಸೇರುತ್ತದೆ. ಪೃಷ್ಠಕ್ಕೆ ಆಕಾರ ಕೊಡುವುದು ಇದೇ. ಗಂಗಾವತಿಯ ಗದ್ದೆಯಲ್ಲಿ ಭತ್ತದ ನಾಟಿಗೆ ಬಾಗಿದ ಹೆಣ್ಣುಮಗಳು ನಡುವನ್ನು ನೆಟ್ಟಗೆ ಮಾಡಿ ಎದ್ದು ನಿಲ್ಲುವುದು ಮುಖ್ಯವಾಗಿ ಈ ಸ್ನಾಯುವಿನ ಬಲದಿಂದ. ಆನೆಗುಂದಿಯ ಬಳಿ ಅಂಜನಾದ್ರಿಯ ಸುಮಾರು 575 ಮೆಟ್ಟಿಲುಗಳನ್ನು ಏರುವಾಗ ಪ್ರತಿ ಮೆಟ್ಟಿಲಿಗೂ ದೇಹವನ್ನೆತ್ತುವುದರಲ್ಲಿ ಇದರ ಪಾಲು ದೊಡ್ಡದು. ಸಮನೆಲದಲ್ಲಿ ಮೆಲ್ಲನೆ ನಡೆಯುವಾಗ ಮಾತ್ರ ಇದಕ್ಕೆ ಕೆಲಸ ಕಡಿಮೆ.

ಇದರ ಅಡಿಯಲ್ಲಿ, ಸ್ವಲ್ಪ ಮುಂದಕ್ಕೂ ಮೇಲಕ್ಕೂ, ಬೀಸಣಿಗೆಯ ಆಕಾರದ ಎರಡು ಸ್ನಾಯುಗಳಿವೆ. ಒಂದು ಮಧ್ಯನಿತಂಬ, ಅದರ ಕೆಳಗೆ ಲಘುನಿತಂಬ. ಎರಡೂ ಸೊಂಟದೆಲುಬಿನ ಹೊರಮುಖದಿಂದ ಹೊರಟು, ತೊಡೆಯೆಲುಬಿನ ಮೇಲ್ತುದಿಯಲ್ಲಿ ಪಕ್ಕಕ್ಕೆ ಚಾಚಿರುವ ಗಡುಸಾದ ಗುಬ್ಬಿಗೆ ಬಂದು ಕೂಡುತ್ತವೆ. ಸೊಂಟದ ಪಕ್ಕದಿಂದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರೆ ಸುಮಾರು ಒಂದು ಗೇಣು ಕೆಳಗೆ ಆ ಗುಬ್ಬಿ ಬೆರಳಿಗೆ ಸಿಗುತ್ತದೆ. ನಿಂತಲ್ಲೇ ಕಾಲನ್ನು ಒಳಕ್ಕೂ ಹೊರಕ್ಕೂ ತಿರುಗಿಸಿದರೆ ಅದು ಬೆರಳಿನಡಿ ಹೊರಳುವುದು ತಿಳಿಯುತ್ತದೆ. ನಡೆಯುವಾಗ ಒಂದು ಕಾಲು ನೆಲದಿಂದ ಎದ್ದಿರುವಷ್ಟು ಹೊತ್ತು, ನಿಂತ ಕಾಲಿನ ಕಡೆಯ ಈ ಎರಡು ಸ್ನಾಯುಗಳು ಸೊಂಟವನ್ನು ಒಂದು ಕಡೆಗೆ ಬೀಳದಂತೆ ಹಿಡಿದಿರುತ್ತವೆ. ಇವು ಕೆಟ್ಟರೆ ಮನುಷ್ಯನು ಹೆಜ್ಜೆಹೆಜ್ಜೆಗೂ ಪಕ್ಕಕ್ಕೆ ವಾಲಿ ನಡೆಯುವನು. ಇನ್ನೂ ಒಳಗೆ ಹಲವು ಸಣ್ಣ ಸ್ನಾಯುಗಳಿವೆ. ಅವುಗಳಲ್ಲಿ ನಮಗೆ ಬೇಕಾದುದು ಒಂದೇ, ಪಿರಿಫಾರ್ಮಿಸ್. ತ್ರಿಕಾಸ್ಥಿಯ ಒಳಮುಖದಿಂದ ಹೊರಟು ಹಿಂದುಗಡೆಯ ಒಂದು ದೊಡ್ಡ ರಂಧ್ರದಿಂದ ಹೊರಬಂದು, ಅಡ್ಡವಾಗಿ ಸಾಗಿ ಆ ಗುಬ್ಬಿಗೇ ಸೇರುವ ಈ ಸ್ನಾಯುವೇ ನರದ ದಾರಿಗೆ ಹೊಸ್ತಿಲು.

ಈಗ ನರದ ವಿಷಯಕ್ಕೆ ಬರೋಣ. ವೈದ್ಯರು ಇದನ್ನು ಸಯಾಟಿಕ್ ನರವೆನ್ನುತ್ತಾರೆ. ಇದರ ಹಾದಿಯಲ್ಲಿ ಸೊಂಟದಿಂದ ಪಾದದವರೆಗೆ ಇಳಿಯುವ ನೋವಿಗೆ ಆಯುರ್ವೇದದಲ್ಲಿ ಗೃಧ್ರಸೀ ಎಂದು ಹೆಸರಿರುವುದರಿಂದ, ನಾವು ಇದನ್ನು ಗೃಧ್ರಸೀ ನಾಡಿಯೆಂದು ಕರೆಯುತ್ತೇವೆ. ಸೊಂಟದ ಕೆಳಗಿನ ಎರಡು ಬೆನ್ನೆಲುಬುಗಳಿಂದಲೂ ತ್ರಿಕಾಸ್ಥಿಯ ಮೇಲಿನ ಮೂರು ಭಾಗಗಳಿಂದಲೂ ಹೊರಟ ಐದು ಎಳೆಗಳು ಕೂಡಿ ಇದಾಗಿದೆ. ಹುಟ್ಟುವಲ್ಲಿ ಇದರ ಅಗಲ ಸುಮಾರು 2 ಸೆಂಟಿಮೀಟರು, ಎಂದರೆ ಹೆಬ್ಬೆರಳಿನಷ್ಟು. ಪಿರಿಫಾರ್ಮಿಸ್ ಸ್ನಾಯುವಿನ ಕೆಳ ಅಂಚಿನಿಂದ ಹೊರಬಿದ್ದು, ಮಹಾನಿತಂಬದ ಅಡಿಯಲ್ಲಿ ಕಮಾನಿನಂತೆ ಹೊರಕ್ಕೆ ಬಾಗಿ ಕೆಳಗಿಳಿದು, ಕುಳಿತಾಗ ನೆಲಕ್ಕೆ ಒತ್ತುವ ಎಲುಬಿಗೂ ಮೇಲೆ ಹೇಳಿದ ಪಕ್ಕದ ಗುಬ್ಬಿಗೂ ನಡುವೆ ತೊಡೆಯನ್ನು ಪ್ರವೇಶಿಸುತ್ತದೆ. ಅಲ್ಲಿಂದ ತೊಡೆಯ ಹಿಂಭಾಗದ ನಡುಗೆರೆಯಲ್ಲಿ ಸಾಗಿ, ಸಾಮಾನ್ಯವಾಗಿ ಮೊಣಕಾಲ ಸಂದಿನ ಮೇಲೆ ಎರಡು ಕವಲಾಗುತ್ತದೆ. ಒಳಕವಲು ಮೀನಖಂಡಕ್ಕೂ ಅಂಗಾಲಿಗೂ ಹೋಗುತ್ತದೆ. ಹೊರಕವಲು ಮೊಣಕಾಲಿನ ಹೊರಮಗ್ಗುಲಲ್ಲಿ ಸಣ್ಣ ಎಲುಬಿನ ಕತ್ತನ್ನು ಸುತ್ತಿಕೊಂಡು ಮುಂದಕ್ಕೆ ಬಂದು, ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಚಾಲನೆಯನ್ನೂ ಪಾದದ ಮೇಲ್ಮೈಗೆ ಸ್ಪರ್ಶಜ್ಞಾನವನ್ನೂ ಕೊಡುತ್ತದೆ.

ಎರಡು ವಿಷಯಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು, ಈ ಎರಡು ಕವಲುಗಳು ಮೊಣಕಾಲ ಬಳಿ ಬೇರೆಯಾದರೂ, ಪೃಷ್ಠದಲ್ಲಿಯೇ ಅವು ಒಂದೇ ಕವಚದೊಳಗೆ ಪಕ್ಕಪಕ್ಕದಲ್ಲಿ ಮಲಗಿರುತ್ತವೆ. ಅವುಗಳಲ್ಲಿ ಪಾದವನ್ನೆತ್ತುವ ಕವಲು ಹೊರಗಡೆ ಇರುತ್ತದೆ. ಹೊರಗಿನಿಂದ ಬರುವ ಸೂಜಿಗೆ ಮೊದಲು ಸಿಗುವುದು ಅದೇ. ಕೆಲವರಲ್ಲಂತೂ ಈ ಹೊರಕವಲು ಮೇಲೆಯೇ ಬೇರ್ಪಟ್ಟು ಪಿರಿಫಾರ್ಮಿಸ್ ಸ್ನಾಯುವನ್ನು ಭೇದಿಸಿಕೊಂಡು ಬರುವುದುಂಟು. ಎಲ್ಲರ ಶರೀರವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದುದಲ್ಲ. ಎರಡನೆಯದು, ನಿತಂಬದ ಮೂರು ಸ್ನಾಯುಗಳಿಗೆ ಚಾಲನೆ ಕೊಡುವ ನರಗಳು ಬೇರೆ. ಗೃಧ್ರಸೀ ನಾಡಿಯು ಅವುಗಳ ಅಡಿಯಲ್ಲಿ ಹಾದುಹೋಗುವ ದಾರಿಹೋಕನಷ್ಟೇ. ಆದುದರಿಂದ ಪೃಷ್ಠದಲ್ಲಿ ಇದಕ್ಕೆ ಪೆಟ್ಟಾದರೆ ಸೊಂಟದ ಬಲ ಹೋಗುವುದಿಲ್ಲ. ಬಹು ದೂರದಲ್ಲಿರುವ ಪಾದದ ಬಲ ಹೋಗುತ್ತದೆ. ಚುಚ್ಚಿದುದು ಪೃಷ್ಠಕ್ಕೆ, ಸೋತುದು ಪಾದ; ಇದರಿಂದಾಗಿ ಎರಡಕ್ಕೂ ಸಂಬಂಧವಿದೆಯೆಂಬುದು ಜನರಿಗೆ ಹೊಳೆಯುವುದೇ ಇಲ್ಲ.

ನಮ್ಮ ಹಿಂದಿನವರು ಈ ಪ್ರದೇಶವನ್ನು ಅಸಡ್ಡೆ ಮಾಡಿರಲಿಲ್ಲ. ಸುಶ್ರುತನು ಶಾರೀರಸ್ಥಾನದಲ್ಲಿ 107 ಮರ್ಮಗಳನ್ನು ಎಣಿಸುತ್ತಾನೆ. ಪೃಷ್ಠಭಾಗದ ಮರ್ಮಗಳಲ್ಲಿ ಕುಕುಂದರಗಳೆಂಬ ಎರಡನ್ನು ಬೆನ್ನುಹುರಿಯ ಇಕ್ಕೆಲದಲ್ಲಿ, ಜಘನದ ಹೊರಭಾಗದಲ್ಲಿ ಹೇಳಿದ್ದಾನೆ. ಅಲ್ಲಿ ಪೆಟ್ಟು ಬಿದ್ದರೆ ಶರೀರದ ಕೆಳಭಾಗದಲ್ಲಿ ಸ್ಪರ್ಶಜ್ಞಾನವೂ ಚಲನೆಯೂ ನಷ್ಟವಾಗುವುದೆಂಬುದು ಅವನ ಅಭಿಪ್ರಾಯ. ಕುಕುಂದರವೇ ಗೃಧ್ರಸೀ ನಾಡಿಯ ಸ್ಥಾನವೆಂದು ಸಾಧಿಸಲು ನಾವು ಹೊರಟಿಲ್ಲ. ಅಳತೆಗಳು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಆದರೆ ಈ ಮಾಂಸಲಪ್ರದೇಶದ ಪೆಟ್ಟು ಕಾಲನ್ನು ಕೆಡಿಸಬಲ್ಲುದೆಂಬ ಅನುಭವವು ಪುರಾತನವಾದುದೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಸೂಜಿಯನ್ನು ಎಲ್ಲಿ ಚುಚ್ಚಬೇಕು? ಬಹುಕಾಲದಿಂದ ಕಲಿಸುತ್ತ ಬಂದಿರುವ ನಿಯಮ ಹೀಗಿದೆ: ಒಂದು ಕಡೆಯ ಪೃಷ್ಠವನ್ನು ಮನಸ್ಸಿನಲ್ಲಿಯೇ ಒಂದು ನಿಂತ ಗೆರೆಯಿಂದಲೂ ಒಂದು ಅಡ್ಡ ಗೆರೆಯಿಂದಲೂ ನಾಲ್ಕು ಪಾಲು ಮಾಡಿ, ಮೇಲಿನ ಹೊರಪಾಲಿನಲ್ಲಿ ಚುಚ್ಚಬೇಕು. ಗೃಧ್ರಸೀ ನಾಡಿಯು ಕೆಳಗಿನ ಪಾಲುಗಳಲ್ಲಿಯೂ ಒಳಪಾಲಿನಲ್ಲಿಯೂ ಇರುವುದರಿಂದ ಈ ನಿಯಮಕ್ಕೆ ಆಧಾರವಿದೆ. ಆದರೆ ಮೇಲಿನ ಎಲ್ಲೆ ಸೊಂಟದ ಏಣು, ಕೆಳಗಿನ ಎಲ್ಲೆ ತೊಡೆಯ ಮಡಿಕೆ ಎಂದು ತಿಳಿದು ಪಾಲು ಮಾಡಿದರೆ ಮಾತ್ರ ಈ ನಿಯಮ ಕಾಪಾಡುವುದು. ನಡೆಯುವುದೇನು? ಕಿರಿದಾದ ಕೋಣೆ, ಹೊರಗೆ ಜನರ ಸಾಲು, ರೋಗಿಗೆ ನಾಚಿಕೆ. ಹೆಂಗಸಾದರೆ ಸೀರೆಯನ್ನು ನಾಲ್ಕು ಬೆರಳಷ್ಟು ಸರಿಸುವಳು. ಗಂಡಸು ನಿಂತಲ್ಲೇ ಲುಂಗಿಯನ್ನು ಮೇಲೆತ್ತುವನು. ಚುಚ್ಚುವವನಿಗೆ ಕಾಣುವುದು ಉಬ್ಬಿದ ಭಾಗವಷ್ಟೇ. ಅದನ್ನೇ ಇಡೀ ಪ್ರದೇಶವೆಂದೆಣಿಸಿ ನಾಲ್ಕು ಪಾಲು ಮಾಡಿದರೆ, ಅದರ ಮೇಲಿನ ಹೊರಪಾಲು ನಿಜವಾಗಿ ಪ್ರದೇಶದ ನಡುವಿಗೇ ಬಂದುಬಿಡುತ್ತದೆ. ಅಲ್ಲಿಂದ ಸೂಜಿಯು ಸ್ವಲ್ಪ ಒಳಕ್ಕೆ ಓರೆಯಾದರೂ ನರದ ಮೇಲೆಯೇ ಹೋಗುತ್ತದೆ. ನಿಯಮವನ್ನು ಬಾಯಿಪಾಠ ಮಾಡಿದವನ ಕೈಯಿಂದಲೇ ಅಪಾಯವಾಗುವುದು ಹೀಗೆ. ಇದಲ್ಲದೆ ಸರಿಯಾದ ಮೇಲಿನ ಹೊರಪಾಲಿನ ಸಮೀಪದಲ್ಲಿಯೂ ಮಧ್ಯನಿತಂಬಕ್ಕೆ ಹೋಗುವ ನರವೂ ದೊಡ್ಡ ರಕ್ತನಾಳಗಳೂ ಇವೆ. ಸ್ಥೂಲಕಾಯರಲ್ಲಿ ಹಿಂದುಗಡೆ ಕೊಬ್ಬಿನ ಪದರ ಎಷ್ಟು ದಪ್ಪವಾಗಿರುವುದೆಂದರೆ ಒಂದೂವರೆ ಅಂಗುಲದ ಸೂಜಿಯೂ ಸ್ನಾಯುವನ್ನು ಮುಟ್ಟದೆ ಔಷಧವು ಕೊಬ್ಬಿನಲ್ಲಿಯೇ ಉಳಿದು ಗಂಟಾಗುವುದುಂಟು.

ಈ ತೊಡಕುಗಳಿಲ್ಲದ ಸ್ಥಳವೊಂದಿದೆ. ಅದು ಪೃಷ್ಠದ ಹಿಂಭಾಗವಲ್ಲ, ಸೊಂಟದ ಪಕ್ಕ. ಮಧ್ಯನಿತಂಬ, ಲಘುನಿತಂಬಗಳು ಒಂದರ ಮೇಲೊಂದು ದಪ್ಪವಾಗಿ ಕೂಡಿರುವ ಎಡೆ. 1950ರ ದಶಕದಲ್ಲಿ ಯುರೋಪಿನ ಫಾನ್ ಹೋಖ್‌ಷ್ಟೆಟರ್ ಎಂಬವರು ಇದನ್ನು ಶೋಧಿಸಿ ಪ್ರಚಾರಕ್ಕೆ ತಂದರು. ಇಲ್ಲಿ ಕೊಬ್ಬು ತೆಳು, ದೊಡ್ಡ ರಕ್ತನಾಳಗಳಿಲ್ಲ, ಗೃಧ್ರಸೀ ನಾಡಿಯು ದೂರ ಹಿಂದೆ ಉಳಿಯುತ್ತದೆ, ಸೂಜಿಯ ಹಿಂದೆ ಅಡ್ಡಗೋಡೆಯಂತೆ ಸೊಂಟದೆಲುಬೇ ನಿಂತಿರುತ್ತದೆ. ಮೇಲಾಗಿ ಗುರುತುಗಳೆಲ್ಲ ಎಲುಬುಗಳಾದುದರಿಂದ ಕಣ್ಣಂದಾಜಿನ ಮೇಲೆ ಅವಲಂಬಿಸಬೇಕಾಗಿಲ್ಲ, ಬೆರಳಿನಿಂದ ಮುಟ್ಟಿಯೇ ಗೊತ್ತುಮಾಡಬಹುದು.

ಇದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇವೆ. ಯಲಬುರ್ಗಾ ಸೀಮೆಯ ಒಂದು ಹಳ್ಳಿಯಲ್ಲಿ ಹದಿಮೂರು ವರ್ಷದ, 32 ಕಿಲೋಗ್ರಾಂ ತೂಕದ ಹುಡುಗಿಯೊಬ್ಬಳಿದ್ದಾಳೆಂದು ಕಲ್ಪಿಸಿಕೊಳ್ಳಿರಿ. ಗಂಟಲುನೋವಿನ ಹಿಂದೆಯೇ ಕೀಲುಗಳು ಬಾತು, ಹೃದಯದ ಕವಾಟಕ್ಕೆ ತೊಂದರೆ ತಗುಲಿದೆ. ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. ರೋಗವು ಮರುಕಳಿಸದಂತೆ ಆಕೆಗೆ ಮೂರು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಸೂಜಿಯನ್ನು ವರ್ಷಗಟ್ಟಲೆ ಕೊಡಬೇಕಾಗುವುದು. ವರ್ಷಕ್ಕೆ ಹದಿನೇಳು ಬಾರಿ! ಇಲ್ಲಿ ಸೂಜಿಯು ಜನರ ಹಟಕ್ಕಾಗಿ ಅಲ್ಲ, ನಿಜವಾಗಿಯೂ ಅಗತ್ಯ. ಈ ಔಷಧವು ನೀರಿನಂತಿರದೆ ಹಾಲಿನಂತೆ ಬೆಳ್ಳಗೆ, ಮಂದವಾಗಿರುತ್ತದೆ. ಪ್ರಮಾಣವೂ ಮೂರು ನಾಲ್ಕು ಮಿಲಿಲೀಟರಿನಷ್ಟು. ತೋಳಿನ ಸಣ್ಣ ಸ್ನಾಯು ಇದನ್ನು ತಾಳದು. ನರದೊಳಗಾಗಲಿ ರಕ್ತನಾಳದೊಳಗಾಗಲಿ ಹೋದರೆ ಇದು ಮಾಡುವ ಅನರ್ಥ ದೊಡ್ಡದು. ಇಂಥದಕ್ಕೆ ಸ್ಥಳದ ಆಯ್ಕೆಯೇ ಪ್ರಧಾನ.

ಹುಡುಗಿಯನ್ನು ಬಲಮಗ್ಗುಲಾಗಿ ಮಲಗಿಸಬೇಕು; ಎಡಸೊಂಟವು ಮೇಲೆ ಬರುವುದು. ಮೇಲಿನ ಮೊಣಕಾಲನ್ನು ಮಡಿಸಿ ಮುಂದಕ್ಕಿಟ್ಟರೆ ಸ್ನಾಯು ಸಡಿಲಾಗುವುದು. ಉಡುಪನ್ನು ಸೊಂಟದ ಏಣಿನಿಂದ ತೊಡೆಯ ಗುಬ್ಬಿಯವರೆಗೆ ಸರಿಸಬೇಕು. ಉಳಿದುದನ್ನು ಬಟ್ಟೆಯಿಂದ ಮುಚ್ಚಬಹುದಾದ್ದರಿಂದ ಮಾನಕ್ಕೆ ಕೊರತೆಯಿಲ್ಲ. ಚುಚ್ಚುವವರು ಎಡಸೊಂಟಕ್ಕೆ ತಮ್ಮ ಬಲಗೈಯನ್ನು ಬಳಸಬೇಕು. ಅಂಗೈಯ ಬುಡವನ್ನು ತೊಡೆಯೆಲುಬಿನ ಗುಬ್ಬಿಯ ಮೇಲಿಟ್ಟು, ತೋರುಬೆರಳನ್ನು ಸೊಂಟದೆಲುಬಿನ ಮುಂಗೊನೆಯ ಮೇಲಿಡಬೇಕು. ಹೊಟ್ಟೆಯ ಕೆಳಪಕ್ಕದಲ್ಲಿ ಉಬ್ಬಿ ಕೈಗೆ ಸಿಗುವ ಎಲುಬೇ ಆ ಕೊನೆ. ಹೆಬ್ಬೆರಳು ಮುಂದುಗಡೆ ತೊಡೆಸಂದಿನ ಕಡೆಗಿರುವುದು. ಬಳಿಕ ನಡುಬೆರಳನ್ನು ತೋರುಬೆರಳಿನಿಂದ ಅಗಲಿಸಿ ಸೊಂಟದ ಏಣಿನ ಮೇಲೆ ಹಿಂದಕ್ಕೆ ಚಾಚಬೇಕು. ಈಗ ಎರಡು ಬೆರಳುಗಳ ನಡುವೆ ಮುಕ್ಕೋಣವೊಂದು ಉಂಟಾಗುವುದಷ್ಟೆ. ಅದರ ನಡುವೆಯೇ ಸೂಜಿಯ ಸ್ಥಳ. ಚರ್ಮವನ್ನು ಶುದ್ಧಿಮಾಡಿ, ಸ್ಥಳ ಗುರುತಿಸಿದ ಕೈಯನ್ನು ಸೂಜಿಯ ದಾರಿಯಿಂದ ಸರಿಸಿ, ಸೂಜಿಯನ್ನು ಚರ್ಮಕ್ಕೆ ನೆಟ್ಟಗೆ ಇಳಿಸಬೇಕು. ಕೊಳವೆಯ ದಂಡವನ್ನು ಸ್ವಲ್ಪ ಹಿಂದಕ್ಕೆಳೆದು ರಕ್ತ ಬರುವುದೋ ನೋಡಬೇಕು. ಬಂದರೆ ಸೂಜಿ ತೆಗೆದು ಹೊಸ ಔಷಧದಿಂದ ಬೇರೆ ಸ್ಥಳದಲ್ಲಿ ಕೊಡಬೇಕು. ಬಾರದಿದ್ದರೆ ಮೆಲ್ಲಮೆಲ್ಲನೆ, ಎರಡು ಮೂರು ನಿಮಿಷ ಹಿಡಿಸಿದರೂ ಚಿಂತೆಯಿಲ್ಲ, ಔಷಧವನ್ನು ಬಿಡಬೇಕು. ಮೂರು ವಾರದ ಬಳಿಕ ಮುಂದಿನ ಸೂಜಿ ಬಲಸೊಂಟಕ್ಕೆ, ಎಡಗೈಯ ಗುರುತಿನಿಂದ. ಹೀಗೆ ಬದಲಿಸುತ್ತ ಹೋದರೆ ಒಂದೇ ಸ್ನಾಯು ಗಂಟುಕಟ್ಟುವುದಿಲ್ಲ. ತಾಯಿಯು ಯಾವ ದಿನ ಯಾವ ಮಗ್ಗುಲೆಂಬುದನ್ನು ಸೂಜಿಯ ಚೀಟಿಯ ಮೇಲೆಯೇ ಬರೆಯಿಸಿಟ್ಟುಕೊಂಡರೆ ಒಳ್ಳೆಯದು. ಇದನ್ನೆಲ್ಲ ಬರೆದುದು ಗೃಹಸ್ಥರು ತಾವೇ ಸೂಜಿ ಹಿಡಿಯಲೆಂದಲ್ಲ. ಹಿಡಿದವರು ಸರಿಯಾಗಿ ಹಿಡಿದಿರುವರೇ ಎಂದು ನೋಡಲು ಬರಲೆಂದು.

ಕೂಸುಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ನಡೆಯಲು ಕಲಿಯದ ಕೂಸಿನ ನಿತಂಬ ಸ್ನಾಯುಗಳು ಬೆಳೆದಿರುವುದಿಲ್ಲ. ನಡೆಯುವುದರಿಂದಲೇ ಅವು ತುಂಬಿಕೊಳ್ಳುತ್ತವೆ. ಚಿಕ್ಕ ಪೃಷ್ಠದಲ್ಲಿ ನರವು ಇಡೀ ಪ್ರದೇಶದ ದೊಡ್ಡ ಪಾಲನ್ನೇ ಆಕ್ರಮಿಸಿರುತ್ತದೆ, ಚರ್ಮಕ್ಕೆ ಸಮೀಪವೂ ಆಗಿರುತ್ತದೆ; ಕೂಸು ಒದ್ದಾಡಿದರೆ ಸೂಜಿ ಎಲ್ಲಿಗೆ ಹೋಯಿತೆಂದು ಹೇಳಲಾಗದು. ಆದುದರಿಂದ ಅವರಿಗೆ ಸೂಜಿಯ ಸ್ಥಳ ತೊಡೆಯ ಮುಂಭಾಗದ ಹೊರಮಗ್ಗುಲು, ಸೊಂಟದ ಗುಬ್ಬಿಗೂ ಮೊಣಕಾಲಿಗೂ ನಡುವಿನ ಮೂರನೆಯ ಒಂದು ಪಾಲು. ಅಂಗನವಾಡಿಯಲ್ಲಿ ಆರೋಗ್ಯ ಸಹಾಯಕಿಯರು ಕೂಸುಗಳ ತೊಡೆಗೆ ಲಸಿಕೆ ಹಾಕುವುದನ್ನು ವಾಚಕರು ನೋಡಿಯೇ ಇರುವರು. ಅದಕ್ಕೆ ಕಾರಣ ಇದೇ. ದೊಡ್ಡವರ ಲಸಿಕೆಗಳಿಗೂ ಪೃಷ್ಠವು ಸ್ಥಳವಲ್ಲ. ಮುಖ್ಯವಾಗಿ ನಾಯಿ ಕಚ್ಚಿದಾಗ ಕೊಡುವ ರೇಬಿಸ್ ಲಸಿಕೆಯನ್ನು ಪೃಷ್ಠಕ್ಕೆ ಎಂದಿಗೂ ಹಾಕಿಸಕೂಡದು. ಕೊಬ್ಬಿನಲ್ಲಿ ಉಳಿದ ಲಸಿಕೆಯಿಂದ ರಕ್ಷಣೆ ಸಾಲದೆ ಪ್ರಾಣಕ್ಕೇ ಅಪಾಯ. ಅದಕ್ಕೆ ದೊಡ್ಡವರಲ್ಲಿ ತೋಳು, ಕೂಸುಗಳಲ್ಲಿ ತೊಡೆ.

ಇಷ್ಟು ಎಚ್ಚರದ ಮೇಲೆಯೂ ಕೇಡಾದರೆ ತಿಳಿಯುವುದು ಹೇಗೆ? ಸಾಮಾನ್ಯ ಸೂಜಿಯ ನೋವು ಚುಚ್ಚಿದ ಜಾಗದಲ್ಲಿಯೇ ನಿಲ್ಲುತ್ತದೆ. ನರಕ್ಕೆ ತಗಲಿದ ನೋವು ಹಾಗಲ್ಲ. ಮಿಂಚಿನಂತೆ ತೊಡೆಯ ಹಿಂದುಗಡೆಯಿಂದ ಪಾದದವರೆಗೆ ಒಮ್ಮೆಗೇ ಹರಿಯುತ್ತದೆ, ಉರಿಯುತ್ತದೆ. ರೋಗಿಯು ಹಾಗೆಂದು ಕೂಗಿದ ಕ್ಷಣವೇ ಔಷಧ ಬಿಡುವುದನ್ನು ನಿಲ್ಲಿಸಿ ಸೂಜಿಯನ್ನು ತೆಗೆಯಬೇಕು. "ಸ್ವಲ್ಪ ತಾಳು, ಮುಗಿಯಿತು" ಎನ್ನಬಾರದು. ಸೂಜಿಯ ಮೊನೆಗಿಂತ ಹೆಚ್ಚು ಕೆಡಿಸುವುದು ನರದೊಳಕ್ಕೆ ಹೊಕ್ಕ ಔಷಧವೇ. ಕೆಲವರಲ್ಲಿ ನೋವು ತಡವಾಗಿ, ಔಷಧವು ಹರಡಿ ನರವನ್ನು ಮುಟ್ಟಿದ ಮೇಲೆ, ಕೆಲವು ಗಂಟೆಗಳ ಬಳಿಕ ತಲೆದೋರುವುದೂ ಉಂಟು. ಆಮೇಲೆ ಪಾದದ ಮೇಲ್ಮೈ ಜೋಮು ಹಿಡಿದು ಸ್ಪರ್ಶ ತಿಳಿಯದಾಗುವುದು. ಪಾದವನ್ನು ಮೇಲಕ್ಕೆತ್ತಲಾಗದೆ ಜೋತುಬೀಳುವುದು. ಆಗ ಮನುಷ್ಯನು ಬೆರಳುಗಳು ನೆಲಕ್ಕೆ ತಾಗದಿರಲೆಂದು ಮೊಣಕಾಲನ್ನು ಎತ್ತರಕ್ಕೆತ್ತಿ, ಪಾದವನ್ನು ಪಟ್ಟೆಂದು ನೆಲಕ್ಕೆ ಬಡಿಯುತ್ತ ನಡೆಯುವನು. ಮನೆಯಲ್ಲಿ ಪರೀಕ್ಷಿಸುವುದು ಸುಲಭ: ಹಿಮ್ಮಡಿಯನ್ನು ನೆಲಕ್ಕೆ ಊರಿ ಬೆರಳುಗಳನ್ನು ಮೇಲೆತ್ತೆಂದು ಹೇಳಿರಿ, ಒಂದು ಪಾದ ಎದ್ದು ಇನ್ನೊಂದು ಏಳದಿದ್ದರೆ ಅದೇ ದಿನ ಆಸ್ಪತ್ರೆಗೆ ಹೊರಡಿರಿ.

ಹಿಂದೆ ಇಂಥ ಮಗುವನ್ನು ಕಂಡೊಡನೆ ಜನರು ಪೋಲಿಯೋ ಎನ್ನುತ್ತಿದ್ದರು. ನಮ್ಮ ದೇಶದಲ್ಲಿ ಕೊನೆಯ ಕಾಡು ಪೋಲಿಯೋ ರೋಗಿಯು ಕಂಡುಬಂದುದು 2011ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. 2014ರ ಮಾರ್ಚಿಯಲ್ಲಿ ದೇಶವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೂ ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹಠಾತ್ತಾಗಿ ಸೋತು ಜೋತುಬಿದ್ದರೂ ಸರಕಾರಿ ಆಸ್ಪತ್ರೆಗೆ ತಿಳಿಸಲೇಬೇಕು. ಮಲಪರೀಕ್ಷೆ ಮಾಡಿ ಪೋಲಿಯೋ ಅಲ್ಲವೆಂದು ನಿಶ್ಚಯಿಸುವರು. ಅಂಥ ಮಕ್ಕಳಲ್ಲಿ ವೈದ್ಯರು ಹುಡುಕುವ ಕಾರಣಗಳಲ್ಲಿ ಸೂಜಿಯಿಂದಾದ ನರಾಘಾತವೂ ಒಂದು. ಭೇದವನ್ನು ತಿಳಿಯಲು ಅವರಿಗೆ ಲಕ್ಷಣಗಳುಂಟು. ಪೋಲಿಯೋದಲ್ಲಿ ಸ್ಪರ್ಶಜ್ಞಾನ ಕೆಡುವುದಿಲ್ಲ, ನರಾಘಾತದಲ್ಲಿ ಕೆಡುತ್ತದೆ. ನರಾಘಾತದಲ್ಲಿ ಹಿಮ್ಮಡಿಯ ಮೇಲಿನ ನರಹುರಿಯನ್ನು ಬಡಿದರೆ ಪಾದ ಚಿಮ್ಮುವುದಿಲ್ಲ, ಆದರೆ ಮೊಣಕಾಲ ಕೆಳಗೆ ಬಡಿದರೆ ಕಾಲು ಎಂದಿನಂತೆ ಚಿಮ್ಮುತ್ತದೆ. ಏಕೆಂದರೆ ಮೊಣಕಾಲಿನ ಚಿಮ್ಮುವಿಕೆ ತೊಡೆಯ ಮುಂಭಾಗದ ಬೇರೊಂದು ನರಕ್ಕೆ ಸೇರಿದುದು. ಆದುದರಿಂದ ಮಗುವಿಗೆ ಯಾವ ದಿನ, ಯಾವ ಮಗ್ಗುಲಿಗೆ ಸೂಜಿಯಾಯಿತೆಂಬುದನ್ನು ತಾಯಿತಂದೆಗಳು ಮುಚ್ಚಿಡದೆ ಹೇಳಬೇಕು. ಔಷಧದ ಚೀಟಿಯನ್ನು ಕೊಂಡೊಯ್ಯಬೇಕು.

ಪಾದ ಬಿದ್ದವರೆಲ್ಲರ ಪಾದವೂ ಶಾಶ್ವತವಾಗಿ ಹೋಗುವುದಿಲ್ಲ. ನರವು ಬರಿಯ ಜಜ್ಜಿದಂತಾಗಿ ಎಳೆಗಳು ಕಡಿಯದಿದ್ದರೆ ಕೆಲವು ವಾರಗಳಲ್ಲಿ ಬಲ ಮರಳುತ್ತದೆ. ಎಳೆಗಳೇ ನಾಶವಾಗಿದ್ದರೆ ಅವು ಪೆಟ್ಟಾದ ಸ್ಥಳದಿಂದ ಹೊಸದಾಗಿ ಬೆಳೆದು ಬರಬೇಕು. ಆ ಬೆಳವಣಿಗೆ ದಿನಕ್ಕೆ ಸುಮಾರು 1 ಮಿಲಿಮೀಟರು. ದೊಡ್ಡವರ ಪೃಷ್ಠದಿಂದ ಮೊಣಕಾಲಿನ ಕೆಳಗಿನ ಸ್ನಾಯುಗಳವರೆಗೆ ಸುಮಾರು 45 ಸೆಂಟಿಮೀಟರಿನ ದಾರಿಯೆಂದಿಟ್ಟುಕೊಂಡರೆ 450 ದಿನ, ಎಂದರೆ ಒಂದೂಕಾಲು ವರ್ಷ ಬೇಕು. ನರದ ಚಾಲನೆಯಿಲ್ಲದೆ ಒಂದೂವರೆ ವರ್ಷ ಕಳೆದ ಸ್ನಾಯು ಬಾಡಿ, ಆಮೇಲೆ ನರ ಬಂದರೂ ಎಚ್ಚರಗೊಳ್ಳುವುದು ಕಷ್ಟ. ಹತ್ತು ವರ್ಷದ ಮಗುವಿನಲ್ಲಿ ದಾರಿ ಚಿಕ್ಕದು. ಅದರಿಂದ ಆಸೆ ಹೆಚ್ಚು. ಈ ಲೆಕ್ಕದಿಂದ ಎರಡು ಮಾತು ಸಿದ್ಧವಾಗುತ್ತವೆ. ಹತ್ತು ದಿನದಲ್ಲಿ ಪಾದ ಏಳಲಿಲ್ಲವೆಂದು ಎದೆಗುಂದಿ ಚಿಕಿತ್ಸೆ ಬಿಡಬಾರದು; ವರ್ಷ ಕಳೆಯಲಿ ನೋಡೋಣವೆಂದು ಸುಮ್ಮನೆಯೂ ಕೂಡಬಾರದು. ಸುಮಾರು ಮೂರು ವಾರವಾದ ಮೇಲೆ ವಿದ್ಯುತ್ ಪರೀಕ್ಷೆಯಿಂದ ನರದ ಸ್ಥಿತಿ ಗೊತ್ತಾಗುತ್ತದೆ. ಮೂರರಿಂದ ಆರು ತಿಂಗಳೊಳಗೆ ಸುಧಾರಣೆಯ ಸುಳಿವೇ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರ ಮಾಡುವರು. ಕೊಪ್ಪಳದಲ್ಲಿ 2015ರಲ್ಲಿ ಆರಂಭವಾದ ವೈದ್ಯವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿರುವುದರಿಂದ ಮೊದಲ ಪರೀಕ್ಷೆಗೆ ಬಹು ದೂರ ಹೋಗಬೇಕಾಗಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡತಕ್ಕ ಕೆಲಸವೂ ಉಂಟು. ಜೋತ ಪಾದವನ್ನು ಹಾಗೆಯೇ ಬಿಟ್ಟರೆ ಹಿಮ್ಮಡಿಯ ನರಹುರಿ ಗಿಡ್ಡವಾಗಿ, ಬಲ ಮರಳಿದರೂ ಪಾದ ನೆಟ್ಟಗಾಗುವುದಿಲ್ಲ. ಆದುದರಿಂದ ಪಾದವನ್ನು ಲಂಬಕೋನದಲ್ಲಿ ಹಿಡಿದಿಡುವ ದಬ್ಬೆಯನ್ನು ರಾತ್ರಿಯೂ ನಡೆಯುವಾಗಲೂ ಕಟ್ಟಬೇಕು. ದಿನಕ್ಕೆ ಹಲವು ಬಾರಿ ಮನೆಯವರು ಪಾದವನ್ನು ಕೈಯಿಂದ ಮೇಲಕ್ಕೆ ಮಡಿಸಬೇಕು. ಸ್ಪರ್ಶ ತಿಳಿಯದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು, ಬಿಸಿ ತಾಗಿದರೂ ತಿಳಿಯದು. ಕುಷ್ಟಗಿಯ ಎರೆಹೊಲದಲ್ಲಿ, ಗಂಗಾವತಿಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವವರು ಇದನ್ನು ಮರೆಯಬಾರದು. ಪ್ರತಿ ರಾತ್ರಿ ಪಾದ ತೊಳೆದು ಬೆಳಕಿನಲ್ಲಿ ನೋಡಬೇಕು. ಬಿಸಿ ಇಟ್ಟಿಗೆಯ ಶಾಖ, ಬಲವಾದ ತಿಕ್ಕುವಿಕೆಗಳನ್ನು ಸೂಜಿಯ ಜಾಗಕ್ಕೂ ಜೋಮು ಹಿಡಿದ ಪಾದಕ್ಕೂ ಮಾಡಕೂಡದು.

ಇನ್ನು ಸೂಜಿಯೇ ಬೇಕೆ ಎಂಬ ಪ್ರಶ್ನೆ. ಸಾಮಾನ್ಯ ಜ್ವರ, ಮೈನೋವುಗಳಿಗೆ ಪ್ಯಾರಸಿಟಮಾಲ್ ಗುಳಿಗೆಯನ್ನು ನುಂಗಿದರೆ ಗಂಟೆಯೊಳಗೆ ಗುಣ ಕಾಣುವುದು. ಪೃಷ್ಠಕ್ಕೆ ಚುಚ್ಚಿದ ನೋವಿನ ಔಷಧದಿಂದ ಅದಕ್ಕಿಂತ ಹೆಚ್ಚಿನ ಲಾಭವೇನೂ ಇಲ್ಲ. ಡೆಂಗೀ ಜ್ವರದ ಶಂಕೆಯಿರುವಾಗಲಂತೂ ಸ್ನಾಯುವಿಗೆ ಸೂಜಿ ಹಾಕಿಸಲೇಬಾರದು. ಪ್ಲೇಟ್‌ಲೆಟ್ ಕಡಿಮೆಯಾದ ರಕ್ತವು ಹೆಪ್ಪುಗಟ್ಟದೆ ಸ್ನಾಯುವಿನೊಳಗೆ ಹರಿದು ತುಂಬಿಕೊಳ್ಳುವುದು. ವಾಂತಿಯಿಂದ ಗುಳಿಗೆ ನಿಲ್ಲದವನಿಗೆ, ಮೂರ್ಛೆಹೋದವನಿಗೆ, ಬಾಯಿಂದ ಕೊಟ್ಟರೆ ಕೆಲಸ ಮಾಡದ ಔಷಧಕ್ಕೆ, ಮೇಲೆ ಹೇಳಿದ ಹುಡುಗಿಯಂಥವಳಿಗೆ ಸೂಜಿಯಿರಲಿ.

ವೈದ್ಯರು ಸೂಜಿ ಬೇಕೆಂದರೆ ಗೃಹಸ್ಥನು ವಿನಯದಿಂದ ಮೂರು ಮಾತುಗಳನ್ನಾಡಬಹುದು. "ಇದನ್ನು ಗುಳಿಗೆಯಾಗಿ ಕೊಡಲು ಬರುವುದೇ?" ಎಂಬುದು ಮೊದಲನೆಯದು. "ನಿಲ್ಲುವುದಿಲ್ಲ, ಮಲಗುತ್ತೇನೆ" ಎಂಬುದು ಎರಡನೆಯದು. "ಸೊಂಟದ ಪಕ್ಕಕ್ಕೆ ಹಾಕಬಹುದೇ?" ಎಂಬುದು ಮೂರನೆಯದು. ಹಿಂದುಗಡೆಗೇ ಹಾಕಬೇಕಾದರೆ ನಾಚಿಕೆಯನ್ನು ಬಿಟ್ಟು ಸೊಂಟದ ಏಣಿನಿಂದ ತೊಡೆಯ ಮಡಿಕೆಯವರೆಗೆ ಉಡುಪನ್ನು ಸರಿಸಿ ಬೋರಲು ಮಲಗಿ, ಕಾಲ್ಬೆರಳುಗಳನ್ನು ಒಳಕ್ಕೆ ತಿರುಗಿಸಿ ಸ್ನಾಯುವನ್ನು ಸಡಿಲಬಿಡಬೇಕು. ಅಷ್ಟು ಮಾಡಿದರೆ ಚುಚ್ಚುವವರಿಗೆ ನಾಲ್ಕು ಪಾಲುಗಳೂ ಪೂರ್ಣವಾಗಿ ಕಾಣುವುವು. ಮೇಲಿನ ಹೊರಪಾಲು ಎಲ್ಲಿರಬೇಕೋ ಅಲ್ಲಿಯೇ ಇರುವುದು.